ಬಂದಿದ್ದಕ್ಕೆ ಧನ್ಯವಾದ, ಬರಬೇಕಾದದ್ದು ಇಷ್ಟು

ಬಾಕಿ ವಸೂಲಿ ಮಾಡೋ ಕೆಲಸದಲ್ಲಿ ಕಷ್ಟದ ಪತ್ರ ಯಾವುದು ಅಂತ ಕೇಳಿದರೆ ಹೆಚ್ಚಿನವರು ಕೊನೆಯ ನೋಟಿಸ್ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನೋಟಿಸ್ ಬರೆಯುವಷ್ಟರಲ್ಲಿ ಸಂಬಂಧ ಮುರಿದಿರುತ್ತದೆ, ಮನಸ್ಸೂ ಗಟ್ಟಿಯಾಗಿರುತ್ತದೆ. ಕಷ್ಟದ್ದು ಅಂದ್ರೆ ಗಿರಾಕಿ ಅರ್ಧ ದುಡ್ಡು ಹಾಕಿದ ದಿನ ಬರೆಯಬೇಕಾದ ಆರು ಸಾಲಿನ ಇಮೇಲ್. ಬಂದಿದ್ದನ್ನು ಬಂದಿದೆ ಅನ್ನಬೇಕು, ಬರದೇ ಇದ್ದದ್ದನ್ನು ಬಂದಿಲ್ಲ ಅನ್ನಬೇಕು, ಯಾವತ್ತಿನೊಳಗೆ ಬರಬೇಕು ಅಂತ ತಾರೀಖು ಹಾಕಬೇಕು. ಇಷ್ಟೇ. ಆದರೂ ಆ ಆರು ಸಾಲಿನಲ್ಲಿ ಸುಳ್ಳು ಹೇಳುವುದಕ್ಕೆ ಎಷ್ಟೊಂದು ಜಾಗ ಇದೆ ಅಂತ ಹತ್ತಾರು ವರ್ಷದಿಂದ ಸಣ್ಣಪುಟ್ಟ ಅಂಗಡಿ, ವರ್ಕ್‌ಶಾಪುಗಳಿಗೆ ಲೆಕ್ಕ ಬರೆಯುತ್ತಿರುವ ನನಗೆ ಚೆನ್ನಾಗಿ ಗೊತ್ತು.

ಮೊದಲನೇ ಪ್ರಶ್ನೆ ಧನ್ಯವಾದದ್ದೇ. ನಮ್ಮದೇ ದುಡ್ಡು, ಕೊಡಬೇಕಾದ ದಿನ ಕಳೆದ ಮೇಲೆ, ಅದೂ ಅರ್ಧ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಯಾಕೆ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನೋ ಗಾದೆಗೆ ನಾವೇ ಸಹಿ ಹಾಕಿದ ಹಾಗಲ್ಲವೇ? ನಾನು ಲೆಕ್ಕ ಬರೆಯುವ ಏಸಿ ರಿಪೇರಿ ಅಂಗಡಿಯ ಮಾಲೀಕರು ಇದೇ ಮಾತನ್ನು ಬೇರೆ ರೀತಿ ಹೇಳುತ್ತಾರೆ: "ಅವ್ರು ನಮಗೆ ದಾನ ಮಾಡಿದಾರಾ ಮೇಡಂ?" ದಾನ ಅಲ್ಲ, ನಿಜ. ಆದರೆ ಕೈಯಲ್ಲಿ ಕಡಿಮೆ ದುಡ್ಡಿರುವ ಯಾವ ಕಂಪನಿಯೂ ಆ ತಿಂಗಳು ಯಾರಿಗೆ ಕೊಡುವುದು, ಯಾರನ್ನು ಕಾಯಿಸುವುದು ಅಂತ ಪಟ್ಟಿ ಮಾಡುತ್ತದೆ. ಬಾಡಿಗೆ, ಸಂಬಳ, ಕರೆಂಟ್ ಆದ ಮೇಲೆ ಉಳಿದ ದುಡ್ಡಿಗೆ ಹತ್ತು ಜನ ಕಾಯುತ್ತಿರುತ್ತಾರೆ. ಆ ಹತ್ತರಲ್ಲಿ ನಮ್ಮ ಹೆಸರಿನ ಮುಂದೆ ಯಾರೋ ಟಿಕ್ ಹಾಕಿದರು ಅನ್ನೋದಕ್ಕೆ ಧನ್ಯವಾದ ಹೇಳಬಹುದು, ಅದರಲ್ಲಿ ಸುಳ್ಳಿಲ್ಲ. ಸುಳ್ಳಾಗುವುದು ಯಾವಾಗ ಅಂದ್ರೆ, ಆ ಧನ್ಯವಾದದ ಬೆನ್ನಿಗೇ "ಆದರೆ" ಬಂದಾಗ. "ಹಣ ತಲುಪಿದೆ, ಧನ್ಯವಾದ, ಆದರೆ ಇನ್ನೂ ಇಷ್ಟು ಬಾಕಿ ಇದೆ" ಅಂತ ಓದಿದವನಿಗೆ ಧನ್ಯವಾದ ಕೇಳಿಸುವುದೇ ಇಲ್ಲ, "ಆದರೆ" ಮಾತ್ರ ಕೇಳಿಸುತ್ತೆ. ನಾನು ಎರಡನ್ನೂ ಬೇರೆ ಬೇರೆ ವಾಕ್ಯದಲ್ಲಿ, ನಡುವೆ ಒಂದು ಸಾಲು ಖಾಲಿ ಬಿಟ್ಟು ಬರೆಯುತ್ತೇನೆ.

ಧನ್ಯವಾದಕ್ಕಿಂತ ದೊಡ್ಡದು ರಸೀದಿ. ಹಿಂದೆ ದಿನಸಿ ಅಂಗಡಿಯಲ್ಲಿ ಉದ್ರಿ ಪುಸ್ತಕ ಇರುತ್ತಿತ್ತಲ್ಲ, ಇನ್ನೂರು ರೂಪಾಯಿ ಕೊಟ್ಟರೆ ಶೆಟ್ಟರು ನಮ್ಮ ಕಣ್ಣೆದುರೇ "ಜಮಾ 200" ಅಂತ ಬರೆದು, ಕೆಳಗೆ ಬಾಕಿ ಹಾಕಿ, ಪುಸ್ತಕ ನಮ್ಮ ಕಡೆ ತಿರುಗಿಸುತ್ತಿದ್ದರು. ಇಬ್ಬರೂ ಒಂದೇ ಹಾಳೆ ನೋಡುತ್ತಿದ್ದೆವು. ಈಗ ಬ್ಯಾಂಕಿನಿಂದ ದುಡ್ಡು ಹೋದವನಿಗೆ ಹೋಯಿತು ಅನ್ನೋದು ಮಾತ್ರ ಗೊತ್ತು. ಅದು ನಮ್ಮ ಪುಸ್ತಕದಲ್ಲಿ ಯಾವ ಪುಟಕ್ಕೆ, ಯಾವ ಬಿಲ್ಲಿನ ಎದುರಿಗೆ ಕೂತಿತು ಅನ್ನೋದು ನಾವು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಪುಸ್ತಕ ಬರೆಯುವವರು ನಾವೊಬ್ಬರೇ ಆಗಿರುವುದರಿಂದ ಅದನ್ನು ಅವರ ಕಡೆ ತಿರುಗಿಸಿ ತೋರಿಸುವ ಜವಾಬ್ದಾರಿಯೂ ನಮ್ಮದೇ.

ಇಲ್ಲಿಂದ ಮುಂದೆ ಆ ಏಸಿ ಅಂಗಡಿಯ ಒಂದು ಲೆಕ್ಕವನ್ನೇ ಹಿಡಿದು ಹೇಳುತ್ತೇನೆ. ಆರು ಹುಡುಗರನ್ನು ಇಟ್ಟುಕೊಂಡು ನಡೆಸುವ ಅಂಗಡಿ. ಗಿರಾಕಿ ಮೂರು ಮಹಡಿಯ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಅವರ ಹೆಸರಿನಲ್ಲಿ ನಮ್ಮಲ್ಲಿ ಎರಡು ಬಿಲ್ ಬಾಕಿ ಇದ್ದವು. ಒಂದು ಹಳೆಯದು, ಹಿಂದಿನ ಅಕ್ಟೋಬರ್‌ದು: ಎರಡು ಮೆಷೀನ್ ರಿಪೇರಿ ಮಾಡಿ ಗ್ಯಾಸ್ ತುಂಬಿದ್ದಕ್ಕೆ 35,000, ಅದರ ಮೇಲೆ ಶೇ. 18ರ ಜಿಎಸ್‌ಟಿ 6,300, ಒಟ್ಟು 41,300. ಇನ್ನೊಂದು ಜೂನ್ 10ರದ್ದು: ವರ್ಷದ ಮೇಂಟೆನೆನ್ಸ್ ಒಪ್ಪಂದದ ಬಿಲ್, 2,00,000ಕ್ಕೆ ಜಿಎಸ್‌ಟಿ 36,000 ಸೇರಿ 2,36,000. ಜುಲೈ 18ರಂದು ಅವರಿಂದ 1,20,000 ಬಂತು. ಜೊತೆಗೆ ಒಂದು ಮಾತಿಲ್ಲ, ಯಾವ ಬಿಲ್ಲಿನ ನಂಬರೂ ಇಲ್ಲ.

ಬಾಕಿ ಎಷ್ಟು ಅಂತ ಹೇಳುವುದಕ್ಕೆ ಮುಂಚೆ ಟಿಡಿಎಸ್ ಕಳೆಯಬೇಕು. ಇಂಥ ಕೆಲಸದ ಬಿಲ್ಲಿನಲ್ಲಿ, ಅಂಗಡಿ ಒಬ್ಬರ ಮಾಲೀಕತ್ವದ್ದಾದರೆ, ಕಂಪನಿಯವರು ಶೇ. 1 ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುತ್ತಾರೆ. ಬಿಲ್ಲಿನಲ್ಲಿ ತೆರಿಗೆ ಬೇರೆ ತೋರಿಸಿದ್ದರೆ ಜಿಎಸ್‌ಟಿ ಬಿಟ್ಟು ಉಳಿದ ಮೊತ್ತದ ಮೇಲೆ. ಹಳೆಯದರಲ್ಲಿ 350, ಹೊಸದರಲ್ಲಿ 2,000. ಅದು ಅವರು ಕೊಡದೆ ಉಳಿಸಿಕೊಂಡ ದುಡ್ಡಲ್ಲ, ನಮ್ಮ ತೆರಿಗೆ ಲೆಕ್ಕಕ್ಕೆ ಜಮಾ ಆಗುವ ದುಡ್ಡು. ಇದನ್ನು ಕಳೆಯದೆ ಬಾಕಿ ಕೇಳಿದರೆ ಅವರ ಅಕೌಂಟ್ಸ್ ವಿಭಾಗದವರು ಎರಡು ಸಾವಿರದ ಆ ತಪ್ಪನ್ನೇ ಹಿಡಿದು ಇಡೀ ಮೇಲನ್ನು ಪಕ್ಕಕ್ಕಿಡುತ್ತಾರೆ, ಅವರನ್ನು ಬೈಯುವ ಹಾಗೂ ಇಲ್ಲ. ಹಾಗಾಗಿ ನಿಜವಾಗಿ ಬರಬೇಕಾದದ್ದು ಹಳೆಯದರಿಂದ 40,950, ಹೊಸದರಿಂದ 2,34,000. ಒಟ್ಟು 2,74,950. ಬಂದದ್ದು ಕಳೆದರೆ ಉಳಿಯುವುದು 1,54,950.

ಒಟ್ಟು ಬಾಕಿಯಲ್ಲಿ ತಕರಾರಿಲ್ಲ. ತಕರಾರಿರುವುದು ಬಂದ 1,20,000 ಯಾವ ಬಿಲ್ಲಿಗೆ ಅನ್ನುವುದರಲ್ಲಿ.

ಮಾಲೀಕರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಹಳೇದನ್ನ ಮೊದ್ಲು ಮುಗಿಸಿಬಿಡಿ ಮೇಡಂ. ಅದು ಬಗೆಹರಿದ್ರೆ ಸಾಕು ನನಗೆ." ಅವರ ಲೆಕ್ಕಾಚಾರ ನನಗೆ ಅರ್ಥವಾಗದೆ ಇಲ್ಲ. ಹಳೆ ಬಿಲ್ಲಿನ ಬಗ್ಗೆ ಗಿರಾಕಿಗೆ ಅಸಮಾಧಾನ ಇತ್ತು. ಗ್ಯಾಸ್ ತುಂಬಿಸಿ ಎರಡು ತಿಂಗಳಿಗೆ ಒಂದು ಮೆಷೀನ್ ತಂಪು ಕೊಡುವುದು ಬಿಟ್ಟಿತ್ತು, ಅವರು ಫೋನ್ ಮಾಡಿ ದೂರು ಕೊಟ್ಟಿದ್ದರು, ಹುಡುಗ ಹೋಗಿ "ನೋಡ್ತೀವಿ" ಅಂತ ಹೇಳಿ ಬಂದಿದ್ದ. ಏಸಿಯಲ್ಲಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತುವಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ತುಂಬಿಸಿದ ಎರಡು ತಿಂಗಳಿಗೆ ಖಾಲಿಯಾಗಿದೆ ಅಂದ್ರೆ ಎಲ್ಲೋ ಸೋರುತ್ತಿದೆ, ಆ ಸೋರಿಕೆ ಹುಡುಕದೆ ಗ್ಯಾಸ್ ಮಾತ್ರ ತುಂಬಿಸಿದ್ದಾರೆ ಅಂತ ಅನುಮಾನ ಬರುವುದು ಸಹಜ. ಈಗ ಬಂದ ದುಡ್ಡನ್ನು ಮೊದಲು ಆ ಬಿಲ್ಲಿಗೆ ಹಾಕಿಬಿಟ್ಟರೆ ತಕರಾರಿನ ಬಿಲ್ "ಪಾವತಿಯಾಗಿದೆ" ಅಂತಾಗುತ್ತದೆ, ಉಳಿದ 1,54,950 ಪೂರ್ತಿ ತಕರಾರಿಲ್ಲದ ಬಿಲ್ಲಿನ ಬಾಕಿಯಾಗಿ ನಿಲ್ಲುತ್ತದೆ. ಗಿರಾಕಿಗೆ ಜಗಳ ಆಡುವುದಕ್ಕೆ ಏನೂ ಉಳಿಯುವುದಿಲ್ಲ. ಟ್ಯಾಲಿಯಲ್ಲಿ ಎರಡು ಸಲ ಎಂಟರ್ ಒತ್ತಿದರೆ ಮುಗಿಯುವ ಕೆಲಸ.

ಕಾನೂನು ಏನನ್ನುತ್ತೆ? 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಇದಕ್ಕೆಂದೇ ಮೂರು ಕಲಮುಗಳಿವೆ, 59ರಿಂದ 61. ದುಡ್ಡು ಕೊಡುವವನು ಇದು ಇಂಥ ಬಾಕಿಗೆ ಅಂತ ಹೇಳಿ ಕೊಟ್ಟರೆ, ಅಥವಾ ಕೊಟ್ಟ ಸಂದರ್ಭದಿಂದಲೇ ಅದು ಗೊತ್ತಾಗುವಂತಿದ್ದರೆ, ಇಸ್ಕೊಂಡವನು ಹಾಗೇ ಹಾಕಿಕೊಳ್ಳಬೇಕು. ಕಲಮಿನಲ್ಲೇ ಕೊಟ್ಟಿರುವ ಉದಾಹರಣೆ ಸರಳ: ಜೂನ್ 1ಕ್ಕೆ ಒಂದು ಸಾವಿರ ರೂಪಾಯಿಯ ಪ್ರಾಮಿಸರಿ ನೋಟಿನ ಗಡುವು ಇದೆ, ಅಷ್ಟು ಮೊತ್ತದ ಬೇರೆ ಸಾಲ ಇಲ್ಲ, ಅವತ್ತೇ ಸಾವಿರ ಕೊಟ್ಟರೆ ಅದು ಆ ನೋಟಿಗೇ. ಯಾವ ಸುಳಿವೂ ಇಲ್ಲದಿದ್ದರೆ ಸಾಲ ಕೊಟ್ಟವನು ತನಗೆ ಇಷ್ಟ ಬಂದ, ನಿಜವಾಗಿ ಬಾಕಿ ಇರುವ ಲೆಕ್ಕಕ್ಕೆ ಹಾಕಿಕೊಳ್ಳಬಹುದು. ಇಬ್ಬರೂ ಏನೂ ಹೇಳದೆ ಹೋದರೆ ಹಳೆಯ ಬಾಕಿಗೆ ಮೊದಲು, ಆಮೇಲೆ ಹೊಸದಕ್ಕೆ. ನಮ್ಮ ಗಿರಾಕಿ 40,950 ಹಾಕಿದ್ದರೆ ಅದು ಹಳೆಯದಕ್ಕೆ ಅಂತ ಮೊತ್ತವೇ ಹೇಳುತ್ತಿತ್ತು. ಹಾಕಿದ್ದು ಗುಂಡು ಮೊತ್ತ, ಅದು ಏನನ್ನೂ ಹೇಳುವುದಿಲ್ಲ. ಅಂದರೆ ಮಾಲೀಕರು ಹೇಳಿದ್ದಕ್ಕೆ ಕಾನೂನಿನ ಆಸರೆ ಇಲ್ಲ ಅಂತ ಹೇಳಲಾರೆ.

ಹಾಗಿದ್ದೂ ನಾನು ಒಪ್ಪಲಿಲ್ಲ. "ನಿಜವಾಗಿ ಬಾಕಿ ಇರುವ" ಅನ್ನುವ ಮಾತಿನ ಹತ್ತಿರ ನನ್ನ ಪೆನ್ನು ನಿಂತುಬಿಡುತ್ತದೆ. ಆ 41,300ರಲ್ಲಿ ಎಷ್ಟು ನಿಜವಾಗಿ ಬಾಕಿ ಅನ್ನುವುದೇ ಇನ್ನೂ ತೀರ್ಮಾನವಾಗಿಲ್ಲ. ಅದನ್ನು ತೀರ್ಮಾನ ಮಾಡಬೇಕಾದವರು ಮೆಷೀನಿನ ಮುಂದೆ ನಿಂತ ಇಬ್ಬರು, ಲೆಕ್ಕದ ಸ್ಕ್ರೀನ್ ಮುಂದೆ ಕೂತ ನಾನಲ್ಲ. ಹಕ್ಕು ಇದೆ ಅನ್ನುವುದೂ ಅದನ್ನು ಗುಟ್ಟಾಗಿ ಚಲಾಯಿಸಬಹುದು ಅನ್ನುವುದೂ ಬೇರೆ ಬೇರೆ. ನಾನು ಮಾಡಿದ್ದು ಇಷ್ಟು: ಬಂದ ದುಡ್ಡನ್ನು ತಕರಾರಿಲ್ಲದ ಜೂನ್ ಬಿಲ್ಲಿಗೆ ಹಾಕಿದೆ, ಹಾಗೆ ಹಾಕಿದ್ದೇವೆ ಅಂತ ಮೇಲಿನಲ್ಲಿ ಬರೆದೆ, ಬೇರೆ ಥರ ಹಾಕಬೇಕಿದ್ದರೆ ಇಂಥ ದಿನದೊಳಗೆ ಹೇಳಿ ಅಂತಲೂ ಕೇಳಿದೆ. ಮಾಲೀಕರು ಅರ್ಧ ದಿನ ಮುನಿಸಿಕೊಂಡಿದ್ದರು. ಅವರ ಕಷ್ಟವೂ ಸುಳ್ಳಲ್ಲ. ಜೂನ್ ಬಿಲ್ಲಿನ ಜಿಎಸ್‌ಟಿಯನ್ನು, ತಿಂಗಳು ತಿಂಗಳು ರಿಟರ್ನ್ ಹಾಕುವವರು, ಜುಲೈ 20ರೊಳಗೆ ಕಟ್ಟಬೇಕು; ಗಿರಾಕಿ ದುಡ್ಡು ಕೊಟ್ಟನೋ ಇಲ್ಲವೋ ಸರ್ಕಾರ ಕೇಳುವುದಿಲ್ಲ. 18ಕ್ಕೆ ಬಂದ ದುಡ್ಡಿನ ಒಂದು ಪಾಲು ಎರಡೇ ದಿನಕ್ಕೆ ಹಾಗೆ ಹೊರಟುಹೋಯಿತು.

ಇನ್ನೊಂದು ಕಡೆ ಎಚ್ಚರ ಬೇಕಾಗುವುದು ನಮ್ಮ ಪರವಾಗಿ. ಕೆಲವು ಕಂಪನಿಗಳು ಕಡಿಮೆ ದುಡ್ಡು ಹಾಕಿ ಪಾವತಿ ವಿವರದಲ್ಲಿ "ಫುಲ್ ಅಂಡ್ ಫೈನಲ್" ಅಂತ ಸಣ್ಣಗೆ ಬರೆದಿರುತ್ತವೆ. ಅದಕ್ಕೆ ನಾವು ವಿನಯದಿಂದ "ತಲುಪಿತು, ಧನ್ಯವಾದಗಳು" ಅಂತಷ್ಟೇ ಉತ್ತರ ಕೊಟ್ಟರೆ ಮುಂದೆ ಪೇಚಾಟ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ, 1602ರ ಪಿನ್ನೆಲ್ ಪ್ರಕರಣದಿಂದ ಬಂದ ನಿಯಮದ ಪ್ರಕಾರ, ದೊಡ್ಡ ಸಾಲಕ್ಕೆ ಬರೀ ಸಣ್ಣ ಮೊತ್ತ ಕೊಟ್ಟು ಪೂರ್ತಿ ತೀರಿತು ಅನ್ನುವ ಹಾಗಿಲ್ಲ. ನಮ್ಮ ಕರಾರು ಕಾಯ್ದೆ ಆ ದಾರಿ ಹಿಡಿಯಲಿಲ್ಲ. 63ನೇ ಕಲಮಿನ ಪ್ರಕಾರ ಐದು ಸಾವಿರ ಬರಬೇಕಾದವನು ಎರಡು ಸಾವಿರವನ್ನೇ ಪೂರ್ತಿ ಬಾಬ್ತಿಗೆ ಅಂತ ಒಪ್ಪಿಕೊಂಡು ಇಸ್ಕೊಂಡರೆ ಅಲ್ಲಿಗೆ ಸಾಲ ತೀರಿತು. ನನಗೆ ಈ ಕಲಮು ಇಷ್ಟ, ಯಾಕಂದ್ರೆ ಬಿಟ್ಟುಕೊಡುವವನ ಮಾತಿಗೆ ಅದು ಬೆಲೆ ಕೊಡುತ್ತದೆ. ಆದ್ದರಿಂದಲೇ ಬಿಟ್ಟುಕೊಡುವ ಮನಸ್ಸಿಲ್ಲದಿದ್ದರೆ ಮೊದಲ ಸಾಲಿನಲ್ಲೇ "ಭಾಗಶಃ ಪಾವತಿಯಾಗಿ ತಲುಪಿದೆ" ಅಂತ ಬರೆಯಬೇಕು. ಒಂದು ಪದ. ಅದು ಒರಟಲ್ಲ, ನಿಜ ಅಷ್ಟೆ.

ಈಗ ತಾರೀಖಿನ ವಿಚಾರ. "ಆದಷ್ಟು ಬೇಗ", "ತಕ್ಷಣ", "ಶೀಘ್ರವಾಗಿ" ಇವೆಲ್ಲ ಕೇಳುವುದಕ್ಕೆ ಮೃದು, ಆದರೆ ಓದಿದವನಿಗೆ ಇವುಗಳಿಂದ ಏನೂ ತಿಳಿಯುವುದಿಲ್ಲ. ಯಾವತ್ತು ಕೊಟ್ಟರೂ ತಡ ಆಯಿತು ಅಂತ ನಾವು ಬೈಯಬಹುದು, ಯಾವತ್ತು ಕೊಡದೆ ಇದ್ದರೂ ಇನ್ನೂ ಟೈಮ್ ಇದೆ ಅಂತ ಅವರು ಅಂದುಕೊಳ್ಳಬಹುದು. ತಾರೀಖು ಹಾಕುವುದು ಇಬ್ಬರಿಗೂ ಉಪಕಾರ. ಆದರೆ ಯಾರ ತಾರೀಖು ಅದು? ಇದನ್ನೇ ಜನ ಮರೆಮಾಚುವುದು. "ನೀವು ಒಪ್ಪಿಕೊಂಡಂತೆ ಆಗಸ್ಟ್ 5ರೊಳಗೆ" ಅಂತ ಬರೆಯುವುದು ಬಹಳ ಸುಲಭ, ಓದಿದವನು ನಾನು ಯಾವಾಗ ಒಪ್ಪಿದೆ ಅಂತ ನೆನಪು ಮಾಡಿಕೊಳ್ಳುವಷ್ಟರಲ್ಲಿ ಅದು ದಾಖಲೆಯಾಗಿರುತ್ತದೆ. ಇಲ್ಲಿ ಆದದ್ದೇನಪ್ಪಾ ಅಂದ್ರೆ, ಅವರ ಅಕೌಂಟ್ಸ್ ಹುಡುಗಿ ಫೋನಿನಲ್ಲಿ "ಮುಂದಿನ ತಿಂಗಳ ಮೊದಲ ವಾರ ನೋಡ್ತೀವಿ ಮೇಡಂ" ಅಂದಿದ್ದಳು. ನೋಡ್ತೀವಿ ಅಂದರೆ ಕೊಡ್ತೀವಿ ಅಂತಲ್ಲ, ಮೊದಲ ವಾರ ಅಂದರೆ 5 ಅಂತಲೂ ಅಲ್ಲ. ಆ ಕಂಪನಿಯಲ್ಲಿ ತಿಂಗಳ 5 ಮತ್ತು 20ಕ್ಕೆ ಪಾವತಿ ಮಂಜೂರಾಗುತ್ತದೆ ಅನ್ನುವುದು ನನಗೆ ಗೊತ್ತಿತ್ತು. 5 ನಾನು ಆರಿಸಿದ ದಿನ. ಹಾಗಾಗಿ ಅದನ್ನು ನಮ್ಮ ಕೋರಿಕೆ ಅಂತಲೇ ಬರೆಯಬೇಕು, ಅವರ ಮಾತು ಅಂತ ಅಲ್ಲ. ಜೊತೆಗೆ ಬಿಲ್ಲಿನ ಮೂವತ್ತು ದಿನದ ಗಡುವು ಜುಲೈ 10ಕ್ಕೇ ಮುಗಿದಿದೆ ಅನ್ನೋದನ್ನೂ ಬಿಡಬಾರದು. ಬಿಟ್ಟರೆ ನಾವೇ ಗಡುವು ಮುಂದೂಡಿ ಕೊಟ್ಟೆವು ಅಂತ ನಾಳೆ ಅವರು ಹೇಳಬಹುದು.

ಹಳೆ ಬಿಲ್ಲಿಗೆ ತಾರೀಖು ಹಾಕಲಿಲ್ಲ. ತಕರಾರು ಬಗೆಹರಿಯದೆ ಗಡುವು ಕೊಡುವುದು ಅಂದ್ರೆ ತೀರ್ಪು ಕೊಟ್ಟ ಹಾಗೆ.

ಕೊನೆಗೆ ಹೋದ ಮೇಲ್ ಹೀಗಿತ್ತು. ನಿಜದ್ದರಲ್ಲಿ ಇಂಗ್ಲಿಷೇ ಹೆಚ್ಚು ಇತ್ತು, ಬೆಂಗಳೂರಿನ ಅಕೌಂಟ್ಸ್ ವಿಭಾಗಗಳ ಭಾಷೆ ಅದೇ ಆಗಿಬಿಟ್ಟಿದೆ; ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

ವಿಷಯ: ಜೂನ್ 10ರ ಬಿಲ್ – 1,20,000 ರೂ. ತಲುಪಿದೆ, 1,14,000 ರೂ. ಬಾಕಿ, ಆಗಸ್ಟ್ 5

"ನಮಸ್ಕಾರ. ಜುಲೈ 18ರಂದು ನೀವು ಕಳಿಸಿದ 1,20,000 ರೂಪಾಯಿ ಭಾಗಶಃ ಪಾವತಿಯಾಗಿ ನಮ್ಮ ಖಾತೆಗೆ ತಲುಪಿದೆ. ಧನ್ಯವಾದಗಳು.

ಯಾವ ಬಿಲ್ಲಿಗೆ ಅಂತ ಸೂಚನೆ ಇಲ್ಲದ್ದರಿಂದ ಇದನ್ನು ಜೂನ್ 10ರ ಬಿಲ್ಲಿಗೆ ಜಮಾ ಮಾಡಿದ್ದೇವೆ. ಬೇರೆ ರೀತಿ ಜಮಾ ಮಾಡಬೇಕಿದ್ದರೆ ಜುಲೈ 25ರೊಳಗೆ ತಿಳಿಸಿ. ಬಿಲ್ ಮೊತ್ತ 2,36,000, ಟಿಡಿಎಸ್ 2,000, ತಲುಪಿದ್ದು 1,20,000, ಬಾಕಿ 1,14,000.

ಬಿಲ್ಲಿನ ಷರತ್ತಿನಂತೆ ಇದರ ಗಡುವು ಜುಲೈ 10 ಆಗಿತ್ತು. ಉಳಿದ 1,14,000 ರೂಪಾಯಿಯನ್ನು ಆಗಸ್ಟ್ 5ರೊಳಗೆ ಪಾವತಿಸಬೇಕೆಂದು ಕೋರುತ್ತೇವೆ. ಈ ಮೊತ್ತ ಮತ್ತು ತಾರೀಖು ನಿಮಗೆ ಒಪ್ಪಿಗೆಯೇ ಎಂದು ಉತ್ತರ ಬರೆಯಿರಿ.

ಅಕ್ಟೋಬರ್ ಬಿಲ್ಲಿನ 40,950 ರೂಪಾಯಿ ಬೇರೆಯಾಗಿ ಬಾಕಿ ಇದೆ. ಅದರ ಬಗ್ಗೆ ನಿಮ್ಮ ದೂರು ನಮ್ಮ ಗಮನದಲ್ಲಿದೆ. ಮೆಷೀನ್ ನೋಡಿದ ಮೇಲೆ ಮಾತಾಡೋಣ."

ಉತ್ತರ ಬರೆಯಿರಿ ಅನ್ನುವ ಆ ಸಾಲಿನ ಬಗ್ಗೆ ಒಂದು ಮಾತು. ಇಂಥ ಬಾಕಿಗೆ ದಾವೆ ಹೂಡಲು ಕಾಲಮಿತಿ ಮೂರು ವರ್ಷ. ಆ ಅವಧಿಯೊಳಗೆ ಸಾಲಗಾರ ಬಾಕಿ ಇದೆ ಅಂತ ಬರೆದು ಸಹಿ ಹಾಕಿ ಒಪ್ಪಿಕೊಂಡರೆ, 1963ರ ಕಾಲಮಿತಿ ಕಾಯ್ದೆಯ 18ನೇ ಕಲಮಿನಂತೆ ಅಲ್ಲಿಂದ ಹೊಸದಾಗಿ ಎಣಿಕೆ. ಇಮೇಲಿನಲ್ಲಿ ಒಪ್ಪಿಕೊಂಡರೂ ಅದು ಒಪ್ಪಿಗೆಯೇ ಅಂತ ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದೆ. ನಾವು ಎಷ್ಟು ಸಲ ನೆನಪಿನ ಮೇಲ್ ಕಳಿಸಿದರೂ ಕಾಲ ಒಂದು ದಿನವೂ ನಿಲ್ಲುವುದಿಲ್ಲ, ಅವರ ಒಂದು ಸಾಲು ನಿಲ್ಲಿಸುತ್ತದೆ. ಹಾಗಾದರೆ ಉತ್ತರ ಕೇಳುವುದು ಬಲೆ ಬೀಸಿದಂತಲ್ಲವೇ ಅಂತ ಗೆಳತಿಯೊಬ್ಬಳು ಕೇಳಿದಳು. "ಮೇಲ್ ತಲುಪಿತಾ ಹೇಳಿ" ಅಂತ ಬೇರೇನೋ ನೆಪ ಮಾಡಿ ಉತ್ತರ ಬರೆಸಿದರೆ ಬಲೆ. ಮೊತ್ತ, ತಾರೀಖು ಒಪ್ಪಿಗೆಯೇ ಅಂತ ನೇರವಾಗಿ ಕೇಳಿದರೆ ಒಪ್ಪದಿರುವ ಅವಕಾಶವೂ ಅವರಿಗೆ ಸಿಗುತ್ತದೆ. ಕೇಳಿದ್ದೇನು ಅಂತ ಅವರಿಗೆ ಗೊತ್ತಿದೆ.

ಮೇಲಿನಲ್ಲಿ ಹಾಕದೆ ಬಿಟ್ಟ ವಿಷಯವೂ ಒಂದಿತ್ತು. ಬಿಲ್ಲಿನ ದಿನದಿಂದ 180 ದಿನದೊಳಗೆ ದುಡ್ಡು ಕೊಡದಿದ್ದರೆ ಕೊಳ್ಳುವವನು ತಾನು ಪಡೆದ ಜಿಎಸ್‌ಟಿ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಮಾಡಬೇಕು. ಅಕ್ಟೋಬರ್ ಬಿಲ್ ಆ ಗಡಿ ಎಂದೋ ದಾಟಿತ್ತು. ಇದು ಅವರಿಗೆ ಉಪಯೋಗದ ಮಾಹಿತಿ, ಸತ್ಯ ಕೂಡ. ಆದರೆ ಬಾಕಿ ಕೇಳುವ ಪತ್ರದಲ್ಲಿ ಬರೆದರೆ ಅದರ ಹೆಸರು ಮಾಹಿತಿ ಅಂತ ಉಳಿಯುವುದಿಲ್ಲ, ಬೆದರಿಕೆ ಅಂತಾಗುತ್ತದೆ. ಅವರ ಅಕೌಂಟ್ಸ್ ಹುಡುಗಿಗೆ ಬೇರೆ ದಿನ ಫೋನಿನಲ್ಲಿ ಹೇಳಿದೆ, ಅವಳು ಥ್ಯಾಂಕ್ಸ್ ಅಂದಳು. ಅವಳ ಮೇಲಧಿಕಾರಿಯನ್ನು ಆ ಮೇಲಿನ ಸಿಸಿಯಲ್ಲೂ ಸೇರಿಸಿರಲಿಲ್ಲ. ದುಡ್ಡು ಬಿಡುವ ಅಧಿಕಾರ ಅವಳಿಗಿಲ್ಲ, ಬೈಸಿಕೊಳ್ಳುವ ಪಾಳಿ ಮಾತ್ರ ಅವಳದ್ದು.

ಮೂರನೇ ದಿನ ಉತ್ತರ ಬಂತು, ಎರಡು ಸಾಲು. 1,14,000 ಸರಿ ಇದೆ, 5ಕ್ಕೆ ಹಾಕುತ್ತೇವೆ. ಹಳೆಯದಕ್ಕೆ ಮೊದಲು ಮೆಷೀನ್ ನೋಡಿ. ಮಾಲೀಕರು ಈ ಸಲ ಹುಡುಗನನ್ನು ಕಳಿಸದೆ ತಾವೇ ಹೋದರು. ಸೋಪಿನ ನೀರು ಹಚ್ಚಿ ನೋಡಿದಾಗ ಹೊರಗಿನ ಯೂನಿಟ್ಟಿನ ಫ್ಲೇರ್ ನಟ್ ಹತ್ತಿರ ಗುಳ್ಳೆ ಎದ್ದವು. ನಟ್ ಬಿಚ್ಚಿ, ಕೊಳವೆಯ ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿ ಕೂರಿಸಿದರು. ವಾಪಸ್ ಬಂದು ನನ್ನ ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಂತು, ಆ ಮೆಷೀನಿನ ಗ್ಯಾಸಿನ ಹತ್ತು ಸಾವಿರ ಬಿಟ್ಟುಬಿಡೋಣ ಅಂದರು. ಜಿಎಸ್‌ಟಿ ಸೇರಿ 11,800ಕ್ಕೆ ಕ್ರೆಡಿಟ್ ನೋಟ್ ಮಾಡಿದೆ. 41,300ರಲ್ಲಿ ಅದು ಹೋಗಿ, ಹಿಡಿದ ಟಿಡಿಎಸ್ 350 ಹೋಗಿ, 29,150 ಉಳಿಯಿತು. ಅದಕ್ಕೆ ಈಗ ತಾರೀಖು ಹಾಕಬಹುದು. ಆಗಸ್ಟ್ 20 ಅಂತ ಬರೆದಿದ್ದೇನೆ.